‘80ರ ದಶಕದ ಸಿಂಥ್ ಪಾಪ್’ ಅಂತ ಪ್ರಾಂಪ್ಟ್ ಕೊಟ್ಟರೆ ಈಗಿನ ಹಾಡೇ ಬರುತ್ತಿದೆ. ಏನು ಬರೆಯಬೇಕು?

ಕ್ಯಾಸೆಟ್ ಅಂಗಡಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾವು ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಕಥೆ ನಡೆಯೋದು 1985ರ ಮೈಸೂರಲ್ಲಿ, ದೇವರಾಜ ಮಾರ್ಕೆಟ್ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ಅಂಗಡಿ ಹುಡುಗನಿಗೆ ಇಂಗ್ಲಿಷ್ ಸಿಂಥ್ ಪಾಪ್ ಹುಚ್ಚು. ಅದೇ ಧಾಟಿಯಲ್ಲಿ ಅವನೇ ಒಂದು ಕನ್ನಡ ಹಾಡು ಮಾಡಿ ಅಂಗಡಿಯಲ್ಲಿ ಹಾಕಿರುತ್ತಾನೆ. ಆ ಹಾಡು ಈಗ ನಮಗೆ ಬೇಕು. ಹಳೆ ಹಾಡಿನ ಹಕ್ಕು ತಗೊಳ್ಳುವಷ್ಟು ದುಡ್ಡಿಲ್ಲ, ಅದಕ್ಕೆ ಎಐನಲ್ಲಿ ಮಾಡಿಸುತ್ತಿದ್ದೇನೆ. ಸಾಹಿತ್ಯ ನಮ್ಮದೇ.

ನಾನು ಕೊಟ್ಟ ಪ್ರಾಂಪ್ಟ್ ಇದು:

```
80s synth pop, retro, nostalgic, neon, catchy, Kannada male vocal
```

ಹಾಡೇನೋ ಚೆನ್ನಾಗೇ ಬಂತು. ಆದರೆ ಬೇಸ್ ತುಂಬಾ ದಪ್ಪ, ಪ್ರತಿ ಕಿಕ್‌ಗೂ ಹಿಂದಿನ ಸಂಗೀತವೆಲ್ಲ ಒಂದು ಸಲ ಕುಗ್ಗಿ ಮೇಲೆ ಬರುತ್ತೆ, ಶುರುವಿಂದ ಕೊನೆವರೆಗೂ ಒಂದೇ ಜೋರು. ನಮ್ಮ ನಿರ್ದೇಶಕರು ಆ ಕಾಲದಲ್ಲಿ ಮಹಾರಾಜಾ ಕಾಲೇಜಲ್ಲಿ ಓದುತ್ತಿದ್ದವರು. ಅರ್ಧ ಕೇಳಿ, “ಇದು ಆಗಿನದ್ದಲ್ಲಪ್ಪ, ಯಾರೋ ಈಗಿನವರು ಆಗಿನ ಥರ ಮಾಡೋಕೆ ಹೋಗಿದ್ದಾರೆ” ಅಂದುಬಿಟ್ಟರು. ನನಗೂ ಹೌದು ಅನ್ನಿಸುತ್ತೆ, ಆದರೆ ಅದನ್ನ ಪ್ರಾಂಪ್ಟಲ್ಲಿ ಹೇಗೆ ಹೇಳೋದು?

---

ಸಕ್ಕರೆನಾಡು ಬೀಟ್ಸ್, ಮಂಡ್ಯ

ಗುರು, ಸುಮ್ನೆ 80ಸ್ ಅಂದ್ರೆ ಅದಕ್ಕೆ ಗೊತ್ತಾಗಲ್ಲ, ವಾದ್ಯಗಳ ಹೆಸರು ಬರೀಬೇಕು. ನಾನು ಇದನ್ನ ಯಾವಾಗಲೂ ಹಾಕ್ತೀನಿ, ಒಳ್ಳೆ ರಿಸಲ್ಟ್ ಬರುತ್ತೆ:

```
80s, DX7, LinnDrum, 808, Juno, Fairlight, Simmons drums, gated reverb, analog tape, tape hiss, vinyl crackle, lo-fi
```

ಗೇಟೆಡ್ ರಿವರ್ಬ್ ಮಾತ್ರ ಮರೀಬೇಡ. ಅದಿಲ್ಲ ಅಂದ್ರೆ ಅದು 80ರ ಹಾಡೇ ಅಲ್ಲ.

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ನಾನು ಬಹಳ ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ, ಆಮೇಲೆ ರೆಕಾರ್ಡಿಂಗ್ ಕೆಲಸಕ್ಕೆ ಬಂದವನು. ಈ ವಿಷಯ ನನಗೆ ಇಷ್ಟ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಪ್ರಾಂಪ್ಟ್ ನೋಡಿ. ರೆಟ್ರೋ, ನಾಸ್ಟಾಲ್ಜಿಕ್, ನಿಯಾನ್. 1983ರಲ್ಲಿ ಹಾಡು ಮಾಡಿದವರು ಯಾರೂ ತಮ್ಮ ಹಾಡನ್ನ ರೆಟ್ರೋ ಅಂದಿರಲಿಲ್ಲ. ಅವರ ಪಾಲಿಗೆ ಅದು ಅತ್ಯಂತ ಹೊಸ ಸದ್ದು. ಈ ಪದಗಳೆಲ್ಲ 2000ದ ಈಚೆ ಸಿಂಥ್‌ವೇವ್ ಮಾಡಿದವರು ತಮ್ಮ ಸಂಗೀತಕ್ಕೆ ಅಂಟಿಸಿಕೊಂಡ ಪದಗಳು. ಆದ್ದರಿಂದ ಇವನ್ನ ಬರೆದರೆ ಆ ಸಂಗೀತವೇ ಬರುತ್ತೆ. ಕಿಕ್ ಬಿದ್ದಾಗಲೆಲ್ಲ ಉಳಿದದ್ದು ಕುಗ್ಗುತ್ತೆ ಅಂದಿರಲ್ಲ, ಅದನ್ನ ಸೈಡ್‌ಚೈನ್ ಪಂಪಿಂಗ್ ಅಂತಾರೆ. ಡ್ಯಾನ್ಸ್ ಸಂಗೀತದಲ್ಲಿ ಅದು ಕಿವಿಗೆ ಕಾಣುವಷ್ಟು ಜಾಸ್ತಿಯಾಗಿದ್ದು 90ರ ದಶಕದ ಕೊನೆಯ ಫ್ರೆಂಚ್ ಹೌಸ್‌ನಿಂದ. 1983ರ ಸಿಂಥ್ ಪಾಪಲ್ಲಿ ಕಿಕ್ ಬೀಳುತ್ತೆ, ಬೇಸ್ ಅದರ ಜೊತೆಗೇ ನುಡಿಯುತ್ತೆ, ಎರಡೂ ಪಕ್ಕಪಕ್ಕ ಇರ್ತವೆ, ಯಾವುದೂ ಇನ್ನೊಂದಕ್ಕೆ ದಾರಿ ಬಿಡಲ್ಲ.

ಎರಡನೆಯದು, 80ರ ದಶಕ ಅನ್ನೋದು ಒಂದೇ ಸದ್ದಲ್ಲ. ಲಿನ್ ಎಲ್ಎಂ-1 ಡ್ರಮ್ ಮೆಷಿನ್ ಬಂದಿದ್ದು 1980ರಲ್ಲಿ. 81, 82ರ ಸಿಂಥ್ ಪಾಪ್ ಕೇಳಿ ನೋಡಿ. ಒಣ ಡ್ರಮ್ಮು, ತೆಳ್ಳಗಿನ ಸಿಂಥ್, ನಡುವೆ ಬೇಕಾದಷ್ಟು ಖಾಲಿ ಜಾಗ. ಯಮಹಾ ಡಿಎಕ್ಸ್7 ಮಾರುಕಟ್ಟೆಗೆ ಬಂದಿದ್ದು 1983ರಲ್ಲಿ. ಆಮೇಲೆಯೇ ಆ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೋ, ಗಂಟೆ ಸದ್ದು ಎಲ್ಲಾ ಹಾಡಿಗೂ ಹೊಕ್ಕಿದ್ದು. ದಶಕದ ಕೊನೆಗೆ ರೋಲ್ಯಾಂಡ್ ಡಿ-50, ಕೋರ್ಗ್ ಎಂ1 ಬಂದಮೇಲೆ ಮತ್ತೆ ಬೇರೆಯೇ ಸದ್ದು. ಸಕ್ಕರೆನಾಡು ಅವರ ಪಟ್ಟಿಯಲ್ಲಿ ಬೇರೆ ಬೇರೆ ವರ್ಷಗಳ ಸದ್ದು ಬೆರೆತಿದೆ. ಎಲ್ಲಾ ಒಟ್ಟಿಗೆ ಕೊಟ್ಟರೆ ಅದು ಎಲ್ಲವನ್ನೂ ತುಂಬುತ್ತೆ, ಖಾಲಿ ಜಾಗ ಹೋಗುತ್ತೆ. ನಿಮ್ಮ ಹುಡುಗ 85ರಲ್ಲಿ ಹಾಡು ಮಾಡಿದ್ದಾನೆ, ಅವನ ಕೈಗೆ ಸಿಕ್ಕಿರೋ ಕ್ಯಾಸೆಟ್‌ಗಳು ಒಂದೆರಡು ವರ್ಷ ಹಳೇವು. ಹಾಗಾಗಿ 1983 ಅಂತ ಗಟ್ಟಿಯಾಗಿ ಇಟ್ಟುಕೊಳ್ಳಿ.

---

ಸಕ್ಕರೆನಾಡು ಬೀಟ್ಸ್, ಮಂಡ್ಯ

ಸಾರ್, 808 ಬಂದಿದ್ದೂ 1980ರಲ್ಲೇ ಅಲ್ವಾ? ಅದನ್ನಾದ್ರೂ ಇಟ್ಕೋಬಹುದಲ್ಲ.

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ಮೆಷಿನ್ ಬಂದಿದ್ದು 1980ರಲ್ಲೇ, ನೀವು ಹೇಳಿದ್ದು ಸರಿ. ಆದರೆ ಈಗ 808 ಅಂತ ಬರೆಯೋರಲ್ಲಿ ಹೆಚ್ಚಿನವರು ಟ್ರ್ಯಾಪ್ ಸಂಗೀತದವರು. ಅವರ ಅರ್ಥದಲ್ಲಿ ಅದು ಉದ್ದಕ್ಕೆ ಎಳೆಯೋ ಸಬ್ ಬೇಸ್. ಬರೆದು ಕೇಳಿ, ಮೊದಲನೇ ಸಾಲಿಗೇ ಕಾರಿನ ಕಿಟಕಿ ಅದುರೋ ಬೇಸ್ ಬರುತ್ತೆ. ಬರೀ ‘ಡ್ರಮ್ ಮೆಷಿನ್’ ಅಂತ ಬರೆದು, ಕಿಕ್ ಒಣಗಿರಬೇಕು, ಕ್ಲ್ಯಾಪ್ ಬಿಗಿಯಾಗಿರಬೇಕು ಅಂತ ಹೇಳಿ. ಮಾಡೆಲ್ ನಂಬರ್‌ಗಿಂತ ಸದ್ದು ಹೇಗಿದೆ ಅನ್ನೋ ವರ್ಣನೆ ನನಗೆ ಹೆಚ್ಚು ಕೆಲಸ ಮಾಡಿದೆ.

---

ಕಾವೇರಿ ತೀರ, ಶ್ರೀರಂಗಪಟ್ಟಣ

ನಾನೂ ಇದೇ ಕೇಳಬೇಕು ಅಂತಿದ್ದೆ. ಅಪ್ಪ ಅಮ್ಮನ ಮದುವೆ ಆಗಿದ್ದು 1982ರಲ್ಲಿ. ಅವರ ವಾರ್ಷಿಕೋತ್ಸವಕ್ಕೆ ಆಗಿನ ಕನ್ನಡ ಸಿನಿಮಾ ಹಾಡಿನ ಥರ ಒಂದು ಹಾಡು ಮಾಡಿಸಬೇಕು. 80ಸ್ ಅಂತ ಹಾಕಿದರೆ ಇಂಗ್ಲಿಷ್ ಹಾಡಿನ ಥರಾನೇ ಬರುತ್ತೆ, ಎಲ್ಲಾ ಎಲೆಕ್ಟ್ರಾನಿಕ್. ನಮ್ಮ ರಾಜನ್-ನಾಗೇಂದ್ರ ಅವರ ಹಾಡಲ್ಲಿ ಪಿಟೀಲುಗಳು ಒಟ್ಟಿಗೆ ಬರ್ತಾವಲ್ಲ, ಹಾಗೆ ಬರಬೇಕು. 1983 ಅಂತ ಬರೆದರೆ ಬರುತ್ತಾ?

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ಅಕ್ಕ, ನಿಮಗೆ ಬೇಕಾಗಿರೋದು ಬೇರೆ. ವರ್ಷ ಒಂದೇ ಆದರೂ ಮಾಡುವ ರೀತಿ ಪೂರಾ ಬೇರೆ. ಆಗಿನ ನಮ್ಮ ಸಿನಿಮಾ ಹಾಡಲ್ಲಿ ವಾದ್ಯದವರೆಲ್ಲ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸುತ್ತಿದ್ದರು. ಪಿಟೀಲಿನ ಸಾಲು, ತಬಲಾ, ಢೋಲಕ್, ಕೊಳಲು, ಬೇಸ್ ಗಿಟಾರ್ ಎಲ್ಲಾ ಇರುತ್ತಿತ್ತು. ಸಿಂಥ್ ಇದ್ದರೂ ಅಲ್ಲೊಂದು ಇಲ್ಲೊಂದು ತುಣುಕಿಗೆ. ಸಿಂಥ್ ಪಾಪ್ ಅನ್ನೋ ಪದವನ್ನೇ ತೆಗೀರಿ, 80ಸ್ ಅನ್ನೋದನ್ನೂ ತೆಗೀರಿ. ಒಟ್ಟಿಗೆ ನುಡಿಸುವ ಪಿಟೀಲು, ತಬಲಾ, ಒಂದೇ ಕೋಣೆ, ಮುಂದೆ ನಿಂತ ಗಾಯಕಿಯ ದನಿ ಅಂತ ಬರೆದು ನೋಡಿ. ಸಂಗೀತಗಾರರ ಹೆಸರು ಹಾಕಬೇಡಿ. ಎಷ್ಟೋ ಆ್ಯಪ್‌ಗಳು ಅದನ್ನ ತಗೊಳ್ಳೋದೇ ಇಲ್ಲ, ತಗೊಂಡರೂ ಅದು ಅವರ ದುಡಿಮೆ, ನಮ್ಮದಲ್ಲ. ಬಂದಿದ್ದನ್ನ ಇಲ್ಲಿ ಹಾಕಿ, ಕೇಳೋಣ.

ಈಗ ಮೂಲ ಪ್ರಶ್ನೆಗೆ. ಗೇಟೆಡ್ ರಿವರ್ಬ್ ಬಗ್ಗೆ ಎಲ್ಲರೂ ಹೇಳ್ತಾರೆ, ಅದು ಹೇಗೆ ಹುಟ್ಟಿತು ಅಂತ ಗೊತ್ತಿದ್ದರೆ ಪ್ರಾಂಪ್ಟಲ್ಲಿ ಹೇಗೆ ಬರೀಬೇಕು ಅನ್ನೋದೂ ತಿಳಿಯುತ್ತೆ. ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಮ್ ಬಂದಿದ್ದು 1980ರಲ್ಲಿ, ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಫಿಲ್ ಕಾಲಿನ್ಸ್ ಡ್ರಮ್ ನುಡಿಸಿದ್ದರು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್. ಕೋಣೆಯೊಳಗಿನವರ ಮಾತು ಕಂಟ್ರೋಲ್ ರೂಮಿಗೆ ಕೇಳಿಸಲಿ ಅಂತ ಮೇಲೆ ಒಂದು ಮೈಕ್ ಇತ್ತು. ದೂರದಲ್ಲಿ ಮೆಲ್ಲಗೆ ಮಾತಾಡಿದರೂ ಕೇಳಬೇಕಲ್ಲ, ಅದಕ್ಕೆ ಆ ಮೈಕಿಗೆ ಬಲವಾದ ಕಂಪ್ರೆಸರ್ ಕೂರಿಸಿದ್ದರು. ಕಾಲಿನ್ಸ್ ಡ್ರಮ್ ಬಾರಿಸುವಾಗ ಆ ಮೈಕ್ ಆನ್ ಆಗಿ, ಭಾರೀ ಸದ್ದು ಬಂತು. ಪ್ಯಾಡ್ಗಮ್ ಅದನ್ನ ರೆಕಾರ್ಡ್ ಮಾಡಿಕೊಳ್ಳೋ ಹಾಗೆ ತಂತಿ ಬದಲಾಯಿಸಿ, ಮೇಲೆ ಒಂದು ನಾಯ್ಸ್ ಗೇಟ್ ಹಾಕಿದರು. ದೊಡ್ಡ ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದ ತಕ್ಷಣ ಯಾರೋ ಬಾಗಿಲು ಧಡಾರ್ ಅಂತ ಮುಚ್ಚಿದ ಹಾಗೆ, ಸದ್ದು ದೊಡ್ಡದಾಗಿ ಹುಟ್ಟಿ ಅಲ್ಲೇ ನಿಂತುಬಿಡುತ್ತೆ.

ಇದರಲ್ಲಿ ಎರಡು ಸಂಗತಿ ನಮಗೆ ಬೇಕು. ಒಂದು, ಸದ್ದು ನಿಲ್ಲೋದು ಮುಖ್ಯ. ಬರೀ ‘ಬಿಗ್ ರಿವರ್ಬ್’ ಅಂದರೆ ಎಐ ಬಾಲ ಎಳೆದುಕೊಂಡು ಹೋಗೋ ರಿವರ್ಬ್ ಕೊಡುತ್ತೆ, ಅದು ಈ ಸದ್ದಿಗೆ ತದ್ವಿರುದ್ಧ. ಎರಡು, ಆ ಆಲ್ಬಮ್ಮಿನಲ್ಲಿ ಸಿಂಬಲ್ ಬೇಡ ಅಂತ ಗೇಬ್ರಿಯಲ್ ಹೇಳಿದ್ದರು. ಅಷ್ಟು ಬಲವಾದ ಕಂಪ್ರೆಸರ್‌ಗೆ ಸಿಂಬಲ್ ಸಿಕ್ಕಿದರೆ ಎಲ್ಲಾ ಕಡೆ ‘ಶ್‌ಶ್’ ಅಂತ ಹರಡಿಕೊಳ್ಳುತ್ತೆ. ಎಐ ಮಾತ್ರ ಪ್ರತಿ ಪಲ್ಲವಿಗೂ ಒಂದು ಕ್ರ್ಯಾಶ್ ಹಾಕೇ ಹಾಕುತ್ತೆ. ಅದನ್ನ ಬೇಡದ್ದರ ಪಟ್ಟಿಗೆ ಸೇರಿಸಿ.

ಮತ್ತೆ ರಿವರ್ಬ್ ಗೇಟ್ ಸ್ನೇರ್‌ಗೆ ಮಾತ್ರ ಅಂತ ಬರೀರಿ. ಸುಮ್ನೆ ಗೇಟೆಡ್ ರಿವರ್ಬ್ ಅಂತ ಬಿಟ್ಟರೆ ಕಿಕ್, ಟಾಮ್, ಕೆಲವೊಮ್ಮೆ ದನಿಗೂ ಹಚ್ಚಿ ಕೊಡುತ್ತೆ.

---

ನೈಟ್ ಶಿಫ್ಟ್, ವಿಜಯನಗರ

ನಾನು ಮಿಕ್ಸಿಂಗ್ ಕೆಲಸದವನು. ಲೋ-ಫೈ, ಟೇಪ್ ಹಿಸ್, ವಿನೈಲ್ ಕ್ರ್ಯಾಕಲ್ ಬಗ್ಗೆ ನಾನೊಂದು ಸೇರಿಸ್ತೀನಿ. ಇವನ್ನ ಪ್ರಾಂಪ್ಟಿಂದ ಪೂರಾ ತೆಗೀಬೇಕು. ಆಗಿನ ಸ್ಟುಡಿಯೋದವರು ದೊಡ್ಡ ಎರಡಿಂಚಿನ ಟೇಪಲ್ಲಿ 24 ಟ್ರ್ಯಾಕ್ ರೆಕಾರ್ಡ್ ಮಾಡಿ, ಹಿಸ್ ಕಡಿಮೆ ಮಾಡೋಕೆ ಬೇರೆ ಯಂತ್ರ ಇಟ್ಟುಕೊಂಡು, ಸದ್ದು ಶುದ್ಧವಾಗಿರಲಿ ಅಂತ ಒದ್ದಾಡುತ್ತಿದ್ದರು. ಹಿಸ್ ಬರ್ತಿದ್ದುದು ನಮ್ಮ ಮನೆಯ ಕ್ಯಾಸೆಟ್ಟಿಂದ, ಅದೂ ಕಾಪಿಯ ಕಾಪಿ ಆಗಿದ್ದರೆ ಇನ್ನೂ ಜಾಸ್ತಿ. ಹಾಡು ತಯಾರಾದ ರೀತಿ ಬೇರೆ, ನಮ್ಮ ಕಿವಿಗೆ ಬಿದ್ದ ರೀತಿ ಬೇರೆ. ಎರಡನ್ನೂ ಒಂದೇ ಪ್ರಾಂಪ್ಟಲ್ಲಿ ಹೇಳಿದರೆ ಈಗಿನ ಲೋ-ಫೈ ಬೀಟ್ಸ್ ಬರುತ್ತೆ, ಮಬ್ಬು ಡ್ರಮ್ಮು, ನಿದ್ದೆ ಬರೋ ಪಿಯಾನೋ.

ಕ್ಯಾಸೆಟ್ ಅಂಗಡಿ ಅವರೇ, ನಿಮ್ಮ ಹಾಡು ಅಂಗಡಿಯ ಟೇಪ್‌ರೆಕಾರ್ಡರಲ್ಲಿ ತಾನೇ ಕೇಳಬೇಕು? ಹಾಗಿದ್ದರೆ ಹಾಡನ್ನ ಸ್ಟುಡಿಯೋ ಥರ ಶುದ್ಧವಾಗಿ ಮಾಡಿಸಿ. ಆಮೇಲೆ ನಿಜವಾದ ಕ್ಯಾಸೆಟ್‌ಗೆ ತುಂಬಿ, ಹಳೆ ಟೇಪ್‌ರೆಕಾರ್ಡರಲ್ಲಿ ಹಾಕಿ, ಆ ಸ್ಪೀಕರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಯಾವ ಪ್ರಾಂಪ್ಟೂ ಅಷ್ಟು ಸರಿಯಾಗಿ ಕೊಡಲ್ಲ.

---

ಕ್ಯಾಸೆಟ್ ಅಂಗಡಿ, ಮಂಡ್ಯ

ಇದು ಹೊಳೆದೇ ಇರಲಿಲ್ಲ ಸರ್. ಟೇಪ್‌ರೆಕಾರ್ಡರ್ ಸೆಟ್ಟಿಗೆ ಅಂತ ಹೇಗೂ ತಂದಿಟ್ಟಿದ್ದೇವೆ, ಅದು ಓಡುತ್ತೆ ಕೂಡ.

ಪ್ಯಾಚ್ ಕಾರ್ಡ್ ಸರ್ ಹೇಳಿದ್ದನ್ನೆಲ್ಲ ಸೇರಿಸಿ ಹೀಗೆ ಬರೆದೆ:

```
1983 synth pop, 118 BPM, sparse arrangement. Drum machine, dry kick, tight claps, gated reverb on snare only, cut off abruptly. Eighth-note analog synth bass, mid-range, no sub. Chorused poly synth chords, one thin lead line. Single plain male vocal, natural pitch, short plate reverb. No sidechain.
```

ಬೇಸ್ ಈಗ ಸರಿಯಾಗಿದೆ, ಟಕಟಕ ಅಂತ ಎಂಟರ ಲೆಕ್ಕದಲ್ಲಿ ಓಡುತ್ತೆ. ಸ್ನೇರ್ ಕೂಡ ಬಂದು ಥಟ್ಟಂತ ನಿಲ್ಲುತ್ತೆ. ಆದರೆ ಎರಡನೇ ಪಲ್ಲವಿಯಿಂದ ಆ ಕುಗ್ಗೋದು ಏಳೋದು ಮತ್ತೆ ಶುರು. ಸೈಡ್‌ಚೈನ್ ಬೇಡ ಅಂತ ಬರೆದಿದ್ದೇನಲ್ಲ, ಆದರೂ ಯಾಕೆ?

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ಬೇಡ ಅಂತ ಬರೆದರೂ ಆ ಪದ ಒಳಗೆ ಹೋಯ್ತಲ್ಲ. ಸ್ಟೈಲ್ ವರ್ಣನೆಯಲ್ಲಿ ‘ನೋ’ ಅನ್ನೋದನ್ನ ಇವು ಎಷ್ಟೋ ಸಲ ಗಣನೆಗೇ ತಗೊಳ್ಳಲ್ಲ, ಮುಂದಿನ ಪದವನ್ನ ಹಿಡಿದುಕೊಳ್ಳುತ್ತವೆ. ಬೇಡದ್ದಕ್ಕೆ ಬೇರೆ ಬಾಕ್ಸ್ ಇದ್ದರೆ ಅಲ್ಲಿಗೆ ಹಾಕಿ. ಸುನೋದಲ್ಲಿ ಕಸ್ಟಮ್ ಮೋಡಲ್ಲಿ ಅಂಥದ್ದೊಂದಿದೆ:

```
synthwave, sidechain pumping, sub bass, crash cymbals, lo-fi, trap hi-hats
```

ಮೇಲಿನ ಬಾಕ್ಸಲ್ಲಿ ಬೇಕಾದ್ದನ್ನ ಮಾತ್ರ ಬರೀರಿ. ‘ನೋ ಸೈಡ್‌ಚೈನ್’ ಬದಲು ಇದನ್ನ ಹಾಕಿ:

```
kick and bass sound together, pads held steady, quiet verses, open dynamics
```

‘ನೋ ಸಬ್’ ಅನ್ನೋದನ್ನೂ ತೆಗೀರಿ, ‘ಮಿಡ್-ರೇಂಜ್’ ಅಂದಿದ್ದೀರಲ್ಲ, ಅಷ್ಟು ಸಾಕು.

---

ನೈಟ್ ಶಿಫ್ಟ್, ವಿಜಯನಗರ

ಪಂಪಿಂಗ್ ಇದೆಯಾ ಇಲ್ಲವಾ ಅಂತ ಗೊತ್ತು ಮಾಡಿಕೊಳ್ಳೋಕೆ ಡ್ರಮ್ ಕೇಳಬೇಡಿ. ಎಳೆದು ಹಿಡಿದ ಸಿಂಥ್ ಕಾರ್ಡ್ ಇರೋ ಜಾಗಕ್ಕೆ ಹೋಗಿ ಅದೊಂದನ್ನೇ ಗಮನಿಸಿ. ಕಿಕ್ ಬಿದ್ದಾಗ ಅದು ಹಿಂದೆ ಸರಿದರೆ ಪಂಪಿಂಗ್ ಇದೆ.

ಆಮೇಲೆ ಫೈಲನ್ನ ಆಡಾಸಿಟಿಯಲ್ಲಿ ತೆರೆದು ಅಲೆ ನೋಡಿ. ಉದ್ದಕ್ಕೂ ಮೇಲೆ ಕೆಳಗೆ ಸಮಕ್ಕೆ ಕತ್ತರಿಸಿದ ಪಟ್ಟಿ ಕಾಣಿಸಿದರೆ ಅದು ಈಗಿನ ಲಿಮಿಟರ್ ಹಾಕಿರೋ ಮಿಕ್ಸ್. ಆಗಿನ ಥರದ್ದಾದರೆ ಸ್ನೇರ್ ಏಟುಗಳು ಒಂದೊಂದೂ ಮೇಲಕ್ಕೆ ಎದ್ದು ಕಾಣುತ್ತವೆ, ಚರಣ ಪಲ್ಲವಿಗಿಂತ ಸಣ್ಣಗಿರುತ್ತೆ. ಎಲ್ಲಾ ಹಾಡನ್ನೂ ಇಷ್ಟು ಜೋರಾಗಿ ಹಿಸುಕೋ ಪೈಪೋಟಿ ಜಾಸ್ತಿಯಾಗಿದ್ದು 90ರ ದಶಕದಲ್ಲಿ. ನೀವು ವಾಲ್ಯೂಮ್ ಇಳಿಸಿದರೆ ಆ ಆಕಾರ ವಾಪಸ್ ಬರಲ್ಲ, ಹಿಸುಕಿದ್ದು ಹಿಸುಕಿದ ಹಾಗೇ ಇರುತ್ತೆ. ಆದ್ದರಿಂದ ಅಂಥದ್ದನ್ನ ಅಲ್ಲೇ ಬಿಟ್ಟು ಮತ್ತೆ ಮಾಡಿಸಿ.

---

ಸಕ್ಕರೆನಾಡು ಬೀಟ್ಸ್, ಮಂಡ್ಯ

ನಾನು ಇದನ್ನ ಟ್ರೈ ಮಾಡಿದೆ. ಒಪ್ತೀನಿ, ಬೇಸ್ ಚೆನ್ನಾಗಿದೆ. ಆದ್ರೆ ನನಗೆ ತುಂಬಾ ಖಾಲಿ ಅನ್ನಿಸ್ತು. ಜನ 80ಸ್ ಅಂದ್ರೆ ದೊಡ್ಡ ಸ್ನೇರ್, ಡಿಎಕ್ಸ್7 ಗಂಟೆ ಇದನ್ನೇ ನೆನೆಸ್ಕೊಳ್ಳೋದು. ಸಿನಿಮಾ ನೋಡೋರಿಗೆ ತಕ್ಷಣ ಗೊತ್ತಾಗ್ಬೇಕಲ್ವಾ? 85 ಅಂತ ಹಾಕಿ ದೊಡ್ಡದಾಗಿಯೇ ಮಾಡ್ಸಬಹುದು.

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ಅದು ತಪ್ಪು ಅಂತ ನಾನು ಹೇಳಲ್ಲ. ದಶಕದ ನಡುಭಾಗದ ಹಾಡು ಹಾಗೇ ಇತ್ತು. 1985 ಅಂತ ಹಾಕಿದರೆ ಗಂಟೆ ಸದ್ದು ಸೇರಿಸಿ, ಸ್ನೇರ್ ದೊಡ್ಡದು ಮಾಡಿ, ಕಾಲಕ್ಕೆ ಸರಿಹೋಗುತ್ತೆ. ನನ್ನ ತಕರಾರು ಇಷ್ಟೇ, ಒಂದು ಕಾಲು 81ರಲ್ಲಿ ಇನ್ನೊಂದು 88ರಲ್ಲಿ ಇಡಬೇಡಿ. ಕಥೆಗೆ ಯಾವುದು ಬೇಕು ಅನ್ನೋದು ನಿರ್ದೇಶಕರಿಗೆ ಬಿಟ್ಟಿದ್ದು. ಅಂಗಡಿ ಹುಡುಗ ಒಬ್ಬನೇ ಮಾಡಿದ ಹಾಡು ಅಂದರೆ ನನಗೆ ಖಾಲಿ ಇರೋದೇ ನಂಬಿಕೆ ಬರುತ್ತೆ.

---

ಕಾವೇರಿ ತೀರ, ಶ್ರೀರಂಗಪಟ್ಟಣ

ನೀವು ಹೇಳಿದ ಹಾಗೆ ಬರೆದೆ ಸರ್. ಪಿಟೀಲು, ತಬಲಾ ಬಂತು, ಅಮ್ಮನಿಗೆ ಇಷ್ಟ ಆಯ್ತು. ಆದರೆ ಪಿಟೀಲು ಇಂಗ್ಲಿಷ್ ಸಿನಿಮಾದ ಥರ ಉದ್ದಕ್ಕೆ ಎಳೆಯುತ್ತೆ, ಸಾಲಿನ ಕೊನೆಗೆ ಗಮಕ ಕೊಟ್ಟು ಉತ್ತರಿಸೋದು ಬರ್ತಿಲ್ಲ. ತಬಲಾನೂ ಒಂದೇ ನಡೆ, ಚರಣಕ್ಕೆ ಬದಲಾಗಲ್ಲ. ಇದಕ್ಕೆ ಏನು ಬರೀಬೇಕು?

---

ಪ್ಯಾಚ್ ಕಾರ್ಡ್, ಸರಸ್ವತಿಪುರಂ

ಚಿಕ್ಕ ಚಿಕ್ಕ ತುಣುಕಲ್ಲಿ ಗಾಯಕಿಗೆ ಉತ್ತರ ಕೊಡೋ ಪಿಟೀಲು ಅಂತ ಬರೆದರೆ ಎಳೆಯೋದು ಸ್ವಲ್ಪ ಕಡಿಮೆ ಆಗುತ್ತೆ. ಗಮಕಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ಯಾರಿಗಾದರೂ ಸಿಕ್ಕಿದ್ದರೆ ಬರೀರಿ, ನನಗೂ ಬೇಕು.

---

ಕ್ಯಾಸೆಟ್ ಅಂಗಡಿ, ಮಂಡ್ಯ

ಎರಡನ್ನೂ ಮಾಡಿಸಿ ನಿರ್ದೇಶಕರಿಗೆ ಕೇಳಿಸಿದೆ. 83ರದ್ದನ್ನೇ ಆರಿಸಿದರು. ಪಂಪಿಂಗ್ ಹೋಗಿದೆ, ಸ್ನೇರ್ ಏಟು ಆಡಾಸಿಟಿಯಲ್ಲಿ ಎದ್ದು ಕಾಣ್ತಿದೆ, ಕ್ರ್ಯಾಶ್ ಒಂದೇ ಕಡೆ ಉಳಿದಿದೆ, ಅದನ್ನ ಕತ್ತರಿಸಬಹುದು.

ಉಳಿದಿರೋದು ದನಿ. ಸಹಜ ಶ್ರುತಿ ಅಂತ ಬರೆದರೂ ಪ್ರತಿ ಸ್ವರವೂ ಗೆರೆ ಎಳೆದ ಹಾಗೆ ನೆಟ್ಟಗೆ ಕೂರುತ್ತೆ. ‘ಬೆಳಗು’ ಅನ್ನೋದನ್ನ ‘ಬೆಲಗು’ ಅಂತ ಹಾಡ್ತಿದೆ. ಸಾಹಿತ್ಯ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

---

ನೈಟ್ ಶಿಫ್ಟ್, ವಿಜಯನಗರ

ಶ್ರುತಿ ತಿದ್ದೋ ಆಟೋ-ಟ್ಯೂನ್ ಬಂದಿದ್ದೇ 1997ರಲ್ಲಿ. ಅದಾದಮೇಲಿನ ಹಾಡುಗಳೇ ಎಲ್ಲಾ ಕಡೆ ತುಂಬಿವೆ, ಹಾಗಾಗಿ ದನಿಯಲ್ಲಿ ಈ ಕಾಲ ಬೇಗ ಕಾಣುತ್ತೆ ಅಂತ ನನ್ನ ಅಂದಾಜು. ನನ್ನ ಸಲಹೆ, ದನಿಯನ್ನ ಪ್ರಾಂಪ್ಟಲ್ಲಿ ಸರಿ ಮಾಡೋಕೆ ಹೋಗಬೇಡಿ. ದನಿ ಬೇರೆ, ವಾದ್ಯ ಬೇರೆ ಮಾಡಿ ಡೌನ್‌ಲೋಡ್ ಮಾಡಿಕೊಂಡು, ವಾದ್ಯದ ಫೈಲ್ ಮೇಲೆ ನಿಮ್ಮ ನಟನ ಹತ್ತಿರವೇ ಹಾಡಿಸಿ. ಪಲ್ಲವಿಯನ್ನ ಅವನ ಹತ್ತಿರ ಎರಡು ಸಲ ಹಾಡಿಸಿ ಒಂದರ ಮೇಲೊಂದು ಇಡಿ. ಎರಡೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗಲಿ, ತಿದ್ದಬೇಡಿ. ಆ ಕಾಲದ ದನಿಯ ದಪ್ಪ ಅಲ್ಲಿಂದಲೇ ಬರ್ತಿದ್ದದ್ದು.

---

ಕ್ಯಾಸೆಟ್ ಅಂಗಡಿ, ಮಂಡ್ಯ

ನಟನಿಗೆ ಸುಮಾರಾಗಿ ಹಾಡೋಕೆ ಬರುತ್ತೆ ಸರ್, ಪಾತ್ರಕ್ಕೆ ಅದೇ ಸರಿ. ಭಾನುವಾರ ಹಾಡಿಸಿ ಕ್ಯಾಸೆಟ್‌ಗೆ ತುಂಬುತ್ತೇವೆ. ಒಂದು ಅನುಮಾನ, ದನಿ ಬೇರೆ ಮಾಡಿದಾಗ ವಾದ್ಯದ ಫೈಲಲ್ಲಿ ಹಳೆ ದನಿಯ ರಿವರ್ಬ್ ಸ್ವಲ್ಪ ಉಳಿದಿದೆ, ಹೊಸ ದನಿಯ ಹಿಂದೆ ಅದು ಕೇಳಿಸುತ್ತಾ?

---

ನೈಟ್ ಶಿಫ್ಟ್, ವಿಜಯನಗರ

ಹೆಡ್‌ಫೋನಲ್ಲಿ ಕೇಳಿಸುತ್ತೆ. ಸಾಹಿತ್ಯವೇ ಕೊಡದೆ, ವಾದ್ಯ ಮಾತ್ರ ಅಂತ ಆರಿಸಿ ಅದೇ ಪ್ರಾಂಪ್ಟಲ್ಲಿ ಒಂದು ಮಾಡಿಸಿ ನೋಡಿ, ರಾಗ ಬೇರೆಯಾಗಿ ಬರುತ್ತೆ, ಅದೊಂದು ತೊಂದರೆ. ಈ ರಾಗವೇ ಬೇಕು ಅಂದರೆ ಇದನ್ನೇ ಇಟ್ಟುಕೊಳ್ಳಿ. ಟೇಪ್‌ರೆಕಾರ್ಡರಿನ ಸ್ಪೀಕರಿಂದ ಹೊರಗೆ ಬರೋ ಹೊತ್ತಿಗೆ ಅದು ಮುಚ್ಚಿಹೋಗುತ್ತೆ.